ಮೇಲಿನದು ಮೇಲೆ, ಕೆಳಗಿನದು ಕೆಳಗೆ

ಗಣಿತ ಕಲಿಸುವವರಲ್ಲಿ ಎರಡು ಜಾತಿ. ಮಕ್ಕಳಿಗೆ ಅರ್ಥವಾಗುವ ತನಕ ಬಿಡದವರು ಒಂದು, ಮಕ್ಕಳು ಪಾಸಾಗುವ ತನಕ ಬಿಡದವರು ಇನ್ನೊಂದು. ನಾನು ಎರಡನೆಯ ಜಾತಿಯವಳು. ಅದರ ಬಗ್ಗೆ ನನಗೆ ಬಹಳ ಕಾಲ ಜಂಬವೂ ಇತ್ತು. ಹರಿಯಬ್ಬೆಯಲ್ಲಿ ಮೊದಲ ಪೋಸ್ಟಿಂಗು, ಅಲ್ಲಿಂದ ಹೊಸದುರ್ಗದ ಕಡೆ ಕೆಲವು ವರ್ಷ, ಈಗ ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆ. ಎಲ್ಲಿಗೆ ಹೋದರೂ ನನ್ನ ಕ್ಲಾಸಿನ ಫಲಿತಾಂಶ ಚೆನ್ನಾಗಿಯೇ ಇರುತ್ತಿತ್ತು. ಮಕ್ಕಳು ಗಣಿತ ಕಲಿತರೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪಾಸಿಂಗ್ ಪ್ಯಾಕೇಜ್ ಎಂಬ ಹಾಳೆಗಳು ಓಡಾಡತೊಡಗುತ್ತವೆ. ಹಿಂದುಳಿದ ಮಕ್ಕಳು ಇಡೀ ಪುಸ್ತಕ ಓದಲಾರರು, ಆದ್ದರಿಂದ ಪ್ರತಿ ವರ್ಷ ಬಂದೇ ಬರುವ ಪ್ರಶ್ನೆಗಳನ್ನು ಆರಿಸಿ ನಾಲ್ಕು ಹಾಳೆಯಲ್ಲಿ ಅದಕ್ಕೊಂದು ಸುಲಭದ ದಾರಿ ಬರೆದು ಕೊಡುವುದು. ನಾನು ಈ ಹಾಳೆ ಮಾಡುವುದರಲ್ಲಿ ಎತ್ತಿದ ಕೈ. ತಾಲ್ಲೂಕಿನ ತರಬೇತಿಗಳಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಹೇಳಿಸುತ್ತಿದ್ದರು. ಸಮರೂಪ ತ್ರಿಭುಜಗಳ ಪಾಠಕ್ಕೆ ನಾನು ಕಟ್ಟಿದ ಒಂದು ಸಾಲಂತೂ ಬೇರೆ ಶಾಲೆಗಳವರೂ ಎತ್ತಿಕೊಂಡು ಹೋದ ಸಾಲು: ಮೇಲಿನದು ಮೇಲೆ, ಕೆಳಗಿನದು ಕೆಳಗೆ.

ಅದರ ಅರ್ಥ ಇಷ್ಟು. ABC ಎಂಬ ತ್ರಿಭುಜದಲ್ಲಿ ತಳದ BCಗೆ ಸಮಾಂತರವಾಗಿ ನಡುವೆ DE ಎಂಬ ಗೆರೆ ಎಳೆದರೆ, ಆ ಗೆರೆ ಎಡಬಲದ ಎರಡೂ ಬಾಹುಗಳನ್ನು ಒಂದೇ ಅನುಪಾತದಲ್ಲಿ ತುಂಡು ಮಾಡುತ್ತದೆ. ಎಡಗಡೆಯ ಮೇಲಿನ ತುಂಡು AD, ಅದನ್ನು ಮೇಲೆ ಬರೆ. ಕೆಳಗಿನ ತುಂಡು DB, ಅದನ್ನು ಕೆಳಗೆ ಬರೆ. ಬಲಗಡೆಯ AE, ECಗಳನ್ನೂ ಹಾಗೇ ಬರೆ. ನಡುವೆ ಸಮಚಿಹ್ನೆ ಹಾಕು. ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗಿ ಬರುತ್ತದೆ. ಯಾಕೆ ಎಂದು ಗೊತ್ತಿಲ್ಲದವನೂ ಬರೆಯಬಹುದು, ಅಂಕವೂ ಪೂರ್ತಿ ಸಿಗುತ್ತದೆ.

ಆದರೆ ತಳದ ಗೆರೆಯ ಉದ್ದ ಕೇಳಿದರೆ ಈ ಸಾಲು ಕೈಕೊಡುತ್ತದೆ. DEಗೂ BCಗೂ ಇರುವ ಅನುಪಾತ AD, DBಗಳದಲ್ಲ. ADಗೂ ಇಡೀ ABಗೂ ಇರುವುದು. ಅಲ್ಲಿ ಹೋಲಿಸುವುದು ತುಂಡನ್ನು ತುಂಡಿನ ಜೊತೆಗಲ್ಲ, ಚಿಕ್ಕ ತ್ರಿಭುಜವನ್ನು ದೊಡ್ಡ ತ್ರಿಭುಜದ ಜೊತೆಗೆ. ಈ ಎಚ್ಚರಿಕೆಯನ್ನು ನಾನು ಹಾಳೆಯಲ್ಲಿ ಸೇರಿಸಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಎರಡು ಮಾತು ಹೇಳಿದರೆ ಹುಡುಗರು ಎರಡನ್ನೂ ಕಲಸಿಕೊಳ್ಳುತ್ತಾರೆ, ಬರುವುದನ್ನೂ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಅನುಭವ ಎಂದರೆ ಹಲವು ಸಲ ನಮ್ಮ ಸೋಮಾರಿತನಕ್ಕೆ ನಾವೇ ಇಟ್ಟುಕೊಂಡ ಒಳ್ಳೆಯ ಹೆಸರು.

ಎರಡು ವರ್ಷದ ಹಿಂದೆ, ದಸರಾ ರಜೆ ಮುಗಿದ ಮೇಲೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಮಿಸ್, ನಾನು ಮಿಸ್. ಹರಿಯಬ್ಬೆ ಸ್ಕೂಲಾಗೆ ನಿಮ್ಮತ್ರ ಓದಿದೋಳು. ಲೆಕ್ಕ ಮಾಡ್ಲಿಲ್ಲ ಅಂತ ಹೊರಗೆ ನಿಲ್ಲಿಸ್ತಿದ್ರಲ್ಲ, ಅವಳು."

ನಾನು ಹೊರಗೆ ನಿಲ್ಲಿಸಿದವರ ಪಟ್ಟಿ ಸಣ್ಣದಲ್ಲ. ಮನೆ ಯಾವುದು, ಅಪ್ಪ ಯಾರು ಎಂದು ಕೇಳಿದ ಮೇಲೆ ಮುಖ ನೆನಪಾಯಿತು. ಕುರಿ ಸಾಕುವ ಮನೆಯ ಹುಡುಗಿ. ಎರಡು ಜಡೆ, ಮಾತು ಕಡಿಮೆ, ಪ್ರಶ್ನೆ ಕೇಳಿದರೆ ಉತ್ತರ ಬಿಟ್ಟು ಇನ್ನೊಂದು ಪ್ರಶ್ನೆ ಕೇಳುವ ಅಭ್ಯಾಸ. ಆಗ ನನಗೆ ಅದು ಉದ್ಧಟತನ ಅನ್ನಿಸುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು, ಅದೇ ಊರಿನ ಕುರಿಗಾಹಿಯೊಬ್ಬನಿಗೆ ಮದುವೆ ಮಾಡಿದರು. ಅಲ್ಲಿಗೆ ನಾನು ಅವಳನ್ನು ಮರೆತಿದ್ದೆ.

ಅವಳು ಮರೆತಿರಲಿಲ್ಲ. ಮಗ ದೊಡ್ಡವನಾದ ಮೇಲೆ ಎಕ್ಸ್‌ಟರ್ನಲ್ ಕಟ್ಟಿ, ಉಳಿದ ಐದು ವಿಷಯಗಳನ್ನು ತಾನೇ ಓದಿ ಪಾಸು ಮಾಡಿಕೊಂಡಿದ್ದಳು. ಗಣಿತ ಮಾತ್ರ ಉಳಿದಿತ್ತು. ಈ ವಯಸ್ಸಿಗೆ ಯಾಕಮ್ಮ ಇದೆಲ್ಲ ಎಂದು ಕೇಳಿದೆ. ಆಗ ಹೇಳಿದಳು. ಅವರ ಊರಿನ ಅಂಗನವಾಡಿಯ ಸಹಾಯಕಿಗೆ ಕಾಯಿಲೆ. ಒಂದು ವರ್ಷದಿಂದ ಅವರ ಬದಲಿಗೆ ಇವಳೇ ಹೋಗಿ ಒಲೆ ಹಚ್ಚುತ್ತಾಳೆ, ಮಕ್ಕಳನ್ನು ಮನೆಮನೆಯಿಂದ ಕರೆತರುತ್ತಾಳೆ, ಉಪ್ಪಿಟ್ಟು ಬೇಯಿಸುತ್ತಾಳೆ, ಅಳುವವರನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾಳೆ. ಬರುವ ಬೇಸಿಗೆಗೆ ಆ ಹೆಂಗಸು ನಿವೃತ್ತಿ. ಹುದ್ದೆಗೆ ಅದೇ ಊರಿನವಳೇ ಆಗಬೇಕು, ಹತ್ತನೇ ತರಗತಿ ಪಾಸಾಗಿರಬೇಕು.

"ಕೆಲ್ಸ ನಾನೇ ಮಾಡ್ತಾ ಇದೀನಿ ಮಿಸ್. ಮಕ್ಳು ನನ್ನೇ ಆಯಾ ಅಂತಾರೆ. ಒಂದು ಲೆಕ್ಕ ಪಾಸಾದ್ರೆ ಅದು ನಂದೇ ಆಗ್ತೈತೆ. ಈ ಸಲ ಹೋದ್ರೆ ಇನ್ನ ನಮ್ಮೂರಾಗೆ ಆ ಜಾಗ ಖಾಲಿಯಾಗೋ ಹೊತ್ತಿಗೆ ನಾನು ಮುದುಕಿ."

ಆಗಲಿ, ಮಾಡೋಣ ಎಂದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಇಷ್ಟು ವರ್ಷದ ಮೇಲೆ ಹುಡುಕಿಕೊಂಡು ಬರುವಷ್ಟು ಒಳ್ಳೆಯ ಟೀಚರು ನಾನು ಅಂದುಕೊಂಡೆ.

ಪಾಠ ನಡೆದದ್ದು ಮೊಬೈಲಿನಲ್ಲಿ. ನಾನು ಚಿತ್ರದುರ್ಗದಲ್ಲಿ, ಅವಳು ಹರಿಯಬ್ಬೆಯಲ್ಲಿ. ನಡುವೆ ಒಂದು ತೊಡಕಿತ್ತು. ಅವರ ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದು ಹಗಲೆಲ್ಲ ಕುರಿಗಳ ಜೊತೆ ಹೋಗುತ್ತಿತ್ತು. ಗಂಡ ಮಂದೆ ಹೊಡೆದುಕೊಂಡು ಹೊರಡುವಾಗ ಜೇಬಿಗೆ ಹಾಕಿಕೊಂಡು ಹೋದರೆ ಮತ್ತೆ ಅವಳ ಕೈಗೆ ಬರುತ್ತಿದ್ದದ್ದು ಹೊತ್ತು ಮುಳುಗಿದ ಮೇಲೆ. ಅದಕ್ಕೆ ಅವಳೊಂದು ಕ್ರಮ ಮಾಡಿಕೊಂಡಳು. ಹಿಂದಿನ ದಿನ ಮಾಡಿದ ಲೆಕ್ಕಗಳನ್ನು ಬೆಳಿಗ್ಗೆ ಆರು ಗಂಟೆಗೆ, ಅವನು ಟೀ ಕುಡಿಯುವಷ್ಟರಲ್ಲಿ, ಬಾಗಿಲಿನ ಬೆಳಕಿಗೆ ಹಿಡಿದು ಫೋಟೊ ತೆಗೆದು ಕಳಿಸುವುದು. ನಾನು ಹೊಳಲ್ಕೆರೆ ಬಸ್ಸಿನಲ್ಲಿ ನೋಡಿ ಉತ್ತರ ಹಾಕುವುದು. ಅವಳು ಸಂಜೆ ಓದುವುದು. ದಿನಕ್ಕೆ ಒಂದು ಪ್ರಶ್ನೆ, ಒಂದು ಉತ್ತರ. ಅರ್ಥವಾಗಲಿಲ್ಲ ಎಂದು ತಿರುಗಿ ಕೇಳಿದರೆ ಮತ್ತೊಂದು ದಿನ.

ಫೋಟೊಗಳು ಹೇಗಿರುತ್ತಿದ್ದವು ಎಂದು ಹೇಳಬೇಕು. ಬೆನ್ನು ಮುರಿದ ಗೈಡ್ ಪುಸ್ತಕದ ಪುಟ, ಅದರ ಮೇಲೆ ಅವಳ ಕೈಯ ನೆರಳು, ಒಂದು ಮೂಲೆಯಲ್ಲಿ ಹೆಬ್ಬೆರಳು, ಕೆಲವು ಸಲ ಆಡಿನ ಮರಿಯ ಕಿವಿ. ಫೋನನ್ನು ವಾರೆ ಹಿಡಿದದ್ದರಿಂದ ತ್ರಿಭುಜಗಳೆಲ್ಲ ಒಂದು ಕಡೆಗೆ ವಾಲಿರುತ್ತಿದ್ದವು. ಒಮ್ಮೆ ಒಂದು ಚಿತ್ರದಲ್ಲಿ ಎಡಬಾಹುವಿನ ಪಕ್ಕ ಆರು ಎಂದಿತ್ತು. ಅದು ಇಡೀ ಬಾಹುವಿನ ಅಳತೆಯೋ ಕೆಳಗಿನ ತುಂಡಿನದೋ ಫೋಟೊದಲ್ಲಿ ತಿಳಿಯಲಿಲ್ಲ. ಇನ್ನೊಂದು ಫೋಟೊ ಕಳಿಸು ಎಂದು ಬರೆಯುವ ಹೊತ್ತಿಗೆ ಫೋನು ಕುರಿ ಕಾಯುತ್ತಿತ್ತು.

ಸಮರೂಪ ತ್ರಿಭುಜಗಳ ಪಾಠಕ್ಕೆ ಬಂದ ಮೊದಲ ದಿನ ಅವಳು ಕೇಳಿದ ಪ್ರಶ್ನೆ ಇದು. ಧ್ವನಿ ಸಂದೇಶದಲ್ಲಿ ಕೇಳಿದ್ದಳು, ಹಿಂದೆ ಕುರಿಗಳ ಸದ್ದಿತ್ತು. "ಮಿಸ್, ಈ ಎರಡು ಗೆರೆ ಸಮಾಂತರ ಅಂತ ಬರ್ದವ್ರೆ. ನಾನು ಫೋಟೊ ತೆಗ್ದು ನೋಡಿದ್ರೆ ಬಲಗಡೀಕೆ ಹೋಗ್ತಾ ಹೋಗ್ತಾ ಹತ್ರ ಬರ್ತಾವೆ. ಮುಂದೆ ಎಲ್ಲೋ ಕೂಡ್ತಾವಲ್ಲ. ಹಂಗಾದ್ರೆ ಈ ಲೆಕ್ಕ ಹೆಂಗೆ ನಿಲ್ತೈತೆ?"

ಎಷ್ಟು ಒಳ್ಳೆಯ ಪ್ರಶ್ನೆ. ಅವಳು ಕಣ್ಣಿಟ್ಟು ನೋಡುವವಳು, ಒಂದು ಮಾತಿನ ಮೇಲೆ ಇನ್ನೊಂದು ಮಾತು ನಿಂತಿದೆ ಎಂದು ತಿಳಿಯುವವಳು ಎಂಬುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕಿರಲಿಲ್ಲ. ನಾನು ಬರೆದದ್ದು: "ಫೋಟೊ ನಂಬಬೇಡ. ಗೆರೆಗಳ ಮೇಲೆ ಬಾಣದ ಗುರುತು ಇದೆಯಲ್ಲ, ಅದನ್ನು ನಂಬು. ವಾರೆ ಹಿಡಿದರೆ ಎಲ್ಲ ಹಾಗೇ ಕಾಣುವುದು. ಸೂತ್ರ ನೆನಪಿಟ್ಟುಕೋ: ಮೇಲಿನದು ಮೇಲೆ, ಕೆಳಗಿನದು ಕೆಳಗೆ." ಬಾಣದ ಮಾತಿನವರೆಗೆ ಉತ್ತರ ಸರಿ. ಅಲ್ಲಿಗೆ ನಿಲ್ಲಿಸಬಹುದಿತ್ತು, ಇಲ್ಲವೇ ಅಲ್ಲಿಂದ ನಿಜವಾದ ಪಾಠ ಶುರು ಮಾಡಬಹುದಿತ್ತು. ಎರಡೂ ಮಾಡಲಿಲ್ಲ.

ಸೂತ್ರ ಅವಳಿಗೆ ಹಿಡಿಸಿತು. ನಾಲ್ಕು ದಿನ ಬಂದ ಲೆಕ್ಕಗಳೆಲ್ಲ ಸರಿ. ಐದನೆಯ ದಿನ ಬಂದದ್ದು ಒಂದು ಉದ್ದನೆಯ ಫೋಟೊ.

ಮೊಬೈಲಿಗೆ ಉದ್ದನೆಯ ಫೋಟೊ ಬಂದರೆ, ಒತ್ತಿ ತೆರೆಯುವ ತನಕ ಪೂರ್ತಿ ಕಾಣುವುದಿಲ್ಲ. ಆ ಹೊತ್ತು ನನಗೆ ಕಂಡದ್ದು ಮೇಲಿನ ಅರ್ಧ. ಚಿತ್ರ, ಅದರ ಕೆಳಗೆ ADಗೆ ಎರಡು, DBಗೆ ನಾಲ್ಕು, AEಗೆ ಮೂರು, ಆದ್ದರಿಂದ EC ಆರು. ಎರಡರ ಕೆಳಗೆ ನಾಲ್ಕು, ಮೂರರ ಕೆಳಗೆ ಆರು. ಕಣ್ಣು ಹಾಯಿಸಿದರೆ ಸಾಕು, ಸರಿ ಎಂದು ಗೊತ್ತಾಗುತ್ತದೆ. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಮೇಲಿನ ಸರಳು, ಒಂದು ಕೈಯಲ್ಲಿ ಫೋನು. ಗುಲಾಬಿ ಹೂವಿನ ಚಿತ್ರದ ಮೇಲೆ ಶುಭೋದಯ ಬರೆದು ಕಳಿಸಿದ ನಂಟರು ಬೇರೆ ಹತ್ತಾರು ಜನ ಕಾಯುತ್ತಿದ್ದರು. ಹೆಬ್ಬೆರಳೆತ್ತಿದ ಗುರುತೊಂದನ್ನು ಒತ್ತಿ ಮುಂದಕ್ಕೆ ಹೋದೆ. ಗುಲಾಬಿ ಹೂವಿನವರಿಗೂ ಅದನ್ನೇ ಒತ್ತಿದೆ.

ಆಮೇಲೆ ಅವಳು ಮುಂದಿನ ಪಾಠಕ್ಕೆ ಹೋದಳು. ವೃತ್ತ, ಸಂಖ್ಯಾಶಾಸ್ತ್ರ, ಸಂಭವನೀಯತೆ. ಪರೀಕ್ಷೆಗೆ ಹಿರಿಯೂರಿಗೆ ಹೋಗಿ ಬರೆದಳು. ಮುಗಿಸಿ ಬಂದ ಸಂಜೆ ಫೋನ್ ಮಾಡಿ, "ತ್ರಿಭುಜದ್ದು ಮೂರು ಮಾರ್ಕ್ಸಿಂದು ಬಂದಿತ್ತು ಮಿಸ್. ಪೂರ್ತಿ ಬರ್ದೀನಿ. ಪಾಸಾಗ್ತೀನಿ" ಎಂದಳು. ಹೇಳುವ ದನಿಯಲ್ಲೇ ಗೊತ್ತಾಗುತ್ತಿತ್ತು, ಅವಳು ತನ್ನ ಅಂಕಗಳನ್ನು ಕೂಡಿಸಿ ನೋಡಿಕೊಂಡಿದ್ದಾಳೆ ಎಂದು. ನಾನೂ ನಂಬಿದೆ.

ಫಲಿತಾಂಶ ಬಂದದ್ದು ಬೇಸಿಗೆ ರಜೆಯಲ್ಲಿ. ಎರಡು ಅಂಕಕ್ಕೆ ಹೋಗಿತ್ತು.

ಮತ್ತೆ ಕಟ್ಟಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆ. ಕಟ್ಟಬಹುದಿತ್ತು. ಆದರೆ ಅಂಗನವಾಡಿ ಹುದ್ದೆಯ ಅರ್ಜಿಗೆ ಕೊನೆಯ ದಿನ ಮುಂದಿನ ಪರೀಕ್ಷೆಗೆ ಮುಂಚೆಯೇ ಇತ್ತು. ಅರ್ಜಿಯ ಜೊತೆ ಅಂಕಪಟ್ಟಿ ಇರಲೇಬೇಕು. ಅವರ ಊರಿಗೆ ಹಿಂದಿನ ವರ್ಷವಷ್ಟೇ ಸೊಸೆಯಾಗಿ ಬಂದ ಹತ್ತೊಂಬತ್ತರ ಒಬ್ಬ ಹುಡುಗಿ, ಹತ್ತನೇ ತರಗತಿ ಪಾಸಾದವಳು, ಅರ್ಜಿ ಹಾಕಿಯಾಗಿತ್ತು. ಇವಳಿಗೆ ಉಳಿದಿದ್ದ ದಾರಿ ಒಂದೇ: ಉತ್ತರ ಪತ್ರಿಕೆಯ ನಕಲು ತರಿಸಿ, ಮರುಮೌಲ್ಯಮಾಪನಕ್ಕೆ ಹಾಕಿ, ಎರಡು ಅಂಕ ಹೆಚ್ಚಿಸಿಕೊಳ್ಳುವುದು. ಹಿರಿಯೂರಿನ ಕಂಪ್ಯೂಟರ್ ಅಂಗಡಿಯಲ್ಲಿ ನಕಲಿಗೆ ಹಾಕಿದ್ದೀನಿ ಎಂದು ಯಾರದೋ ಫೋನಿನಿಂದ ಹೇಳಿದಳು. ಬಂದ ಮೇಲೆ ತೆಗೆದುಕೊಂಡು ಬಾ, ನೋಡೋಣ ಎಂದೆ.

ಒಂದು ಮಧ್ಯಾಹ್ನ, ಜೋಗಿಮಟ್ಟಿ ಬೆಟ್ಟದ ಕಡೆಯಿಂದಲೂ ಗಾಳಿ ಬಾರದ ಬಿಸಿಲಿನಲ್ಲಿ, ಅವಳು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಹದಿನೆಂಟು ವರ್ಷದ ಮೇಲೆ ಮೊದಲ ಸಲ ನೋಡಿದ್ದು. ಜಡೆ ಒಂದಾಗಿತ್ತು, ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಕಣ್ಣು ಮಾತ್ರ ಅದೇ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಉತ್ತರ ಪತ್ರಿಕೆಯ ನಕಲು, ಒಂದು ಪೊಟ್ಟಣ ಹುರಿದ ಶೇಂಗಾ, ಮತ್ತು ಗಂಡನ ಫೋನು.

"ಫೋನೂ ತಂದಿದೀಯಲ್ಲ. ಅವನು ಕುರಿ ಬಿಟ್ಟು ಮನೇಲಿದಾನಾ?" ಎಂದೆ.

"ಇಲ್ಲ ಮಿಸ್. ಮಂದೆ ಮಾಡದಕೆರೆ ಕಡೆ ಹೋಗೈತೆ. ಹೊಲದಾಗೆ ಗೊಬ್ಬರಕ್ಕೆ ನಿಲ್ಲಿಸ್ಯಾರೆ, ತಿಂಗ್ಳಾಯ್ತು. ನಿನ್ನೆ ಅಲ್ಲಿಗೋಗಿ ಇಸ್ಕಂಬಂದೆ. ನಾಳೆ ವಾಪಸ್ ಕೊಡ್ಬೇಕು."

ಲೆಕ್ಕ ಹಾಕಿದೆ. ಹರಿಯಬ್ಬೆಯಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಮಾಡದಕೆರೆ, ಹೊಲಗಳ ನಡುವೆ ಮಂದೆ ಹುಡುಕುವುದು, ಆ ರಾತ್ರಿ ಕುರಿಗಳ ಪಕ್ಕದಲ್ಲೇ ಮಲಗುವುದು, ಮತ್ತೆ ಹೊಳಲ್ಕೆರೆ ಮೇಲೆ ಹಾದು ಚಿತ್ರದುರ್ಗ. ಜಿಲ್ಲೆಯನ್ನೇ ಒಂದು ಸುತ್ತು ಹಾಕಿ ಬಂದಿದ್ದಳು. ಬರೀ ಒಂದು ಫೋನಿಗಾಗಿ.

"ಫೋನ್ ಯಾಕೆ ಬೇಕಾಗಿತ್ತಮ್ಮ? ಪತ್ರಿಕೆ ಸಾಕಾಗಿತ್ತಲ್ಲ."

"ಸಾಕ್ಷಿಗೆ" ಎಂದಳು.

ನೀರು ಕೊಟ್ಟೆ. ಕುಡಿದು, ಚಾಪೆಯ ಮೇಲೆ ಕೂತು, ನಕಲಿನ ಹಾಳೆಗಳನ್ನು ಹರವಿದಳು. ತ್ರಿಭುಜದ ಪ್ರಶ್ನೆಯಿದ್ದ ಪುಟ ತೆಗೆದು ನನ್ನ ಮುಂದಿಟ್ಟಳು. ಕಷ್ಟಪಟ್ಟು ಗುಂಡಗೆ ಬರೆದ ಅಕ್ಷರ. PQR ಎಂಬ ತ್ರಿಭುಜ, ತಳದ QRಗೆ ಸಮಾಂತರವಾಗಿ ST. PS ಮೂರು, SQ ಆರು, QR ಹನ್ನೆರಡು. ಎರಡು ತ್ರಿಭುಜಗಳು ಸಮರೂಪ ಎಂದು ತೋರಿಸಿ, STಯ ಉದ್ದ ಕಂಡುಹಿಡಿ. ಸಮರೂಪದ ಭಾಗಕ್ಕೆ ಒಂದು ಅಂಕ ಸಿಕ್ಕಿತ್ತು. ಅದರ ಕೆಳಗೆ ಬರೆದದ್ದಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಸೊನ್ನೆ. PSನ ಕೆಳಗೆ SQ, STಯ ಕೆಳಗೆ QR. ಮೂರರ ಕೆಳಗೆ ಆರು, STಯ ಕೆಳಗೆ ಹನ್ನೆರಡು. ಆದ್ದರಿಂದ ST ಆರು.

"ಪೇಪರ್ ನೋಡಿದೋರು ತಪ್ಪು ಮಾಡ್ಯಾರೆ ಮಿಸ್" ಎಂದಳು. ಸಿಟ್ಟಿರಲಿಲ್ಲ, ಮೂರು ದಿನ ಯೋಚಿಸಿ ಬಂದವಳ ನಿಧಾನವಿತ್ತು. "ಇಲ್ಲೇ ಎರಡು ಮಾರ್ಕ್ಸ್ ಐತೆ. ಇದನ್ನ ಕೊಟ್ರೆ ಆಗೋಯ್ತು. ಅವ್ರು ಕೇಳಿದ್ರೆ ತೋರ್ಸಕೆ ಇದನ್ನ ತಂದಿದೀನಿ. ಲೆಕ್ಕದ ಮಿಸ್ಸೇ ಸರಿ ಅಂದಾರೆ ಅಂತ."

ಫೋನಿನಲ್ಲಿ ಆ ಹಳೆಯ ಫೋಟೊ ತೆಗೆದು ನನ್ನ ಕೈಗೆ ಕೊಟ್ಟಳು. ಅವಳು ಒತ್ತಿ ತೆರೆದೇ ಕೊಟ್ಟಿದ್ದಳು, ಹಾಗಾಗಿ ನಾನು ಅದನ್ನು ಮೊದಲ ಸಲ ಪೂರ್ತಿ ನೋಡಿದೆ. ಮೇಲಿನ ಅರ್ಧ ನಾನು ಬಲ್ಲದ್ದೇ. ಕೆಳಗಿನ ಅರ್ಧದಲ್ಲಿ ಅದೇ ಚಿತ್ರಕ್ಕೆ ಎರಡನೆಯ ಲೆಕ್ಕವಿತ್ತು. BC ಒಂಬತ್ತು, DE ಎಷ್ಟು? ಅವಳು ADಯ ಕೆಳಗೆ DB, DEಯ ಕೆಳಗೆ BC ಬರೆದಿದ್ದಳು. ಎರಡರ ಕೆಳಗೆ ನಾಲ್ಕು, ಆದ್ದರಿಂದ DE ನಾಲ್ಕೂವರೆ. ಬರಬೇಕಾದದ್ದು ಮೂರು. ಪುಟದ ಕೊನೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: ತಳದ ಗೆರೆಗೂ ಇದೇ ಸೂತ್ರನಾ ಮಿಸ್, ನನಗೆ ಡೌಟು.

ಡೌಟು ಎಂದು ಬರೆದಿದ್ದಳು. ಅದರ ಕೆಳಗೆ ನನ್ನ ಹೆಬ್ಬೆರಳು.

ನನಗೆ ಮೊದಲು ಬಂದದ್ದು ಕೋಪ, ಅದೂ ಅವಳ ಮೇಲೆ. ಒಂದು ಸಲ ಫೋನ್ ಮಾಡಿ ಕೇಳಬಾರದಿತ್ತೇ? ಚಿತ್ರ ನೋಡಿದರೆ ಗೊತ್ತಾಗುವುದಿಲ್ಲವೇ, ಮೇಲಿನಿಂದ ಮೂರರಲ್ಲಿ ಒಂದು ಪಾಲು ಇಳಿದ ಕಡೆ ಎಳೆದ ಗೆರೆ ತಳದ ಅರ್ಧ ಹೇಗಾಗುತ್ತದೆ? ಫೋಟೊ ನಂಬಬೇಡ, ಸೂತ್ರ ನಂಬು ಎಂದವಳು ನಾನೇ ಎಂಬುದು ಆ ಕೋಪದ ಹಿಂದೆಯೇ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಮೇಲೆ ಬಂದದ್ದು ಸುಳ್ಳು. ನಾಲಿಗೆಯ ತುದಿಗೇ ಬಂದಿತ್ತು. ಆಯ್ತು, ಅರ್ಜಿ ಹಾಕು, ನೋಡೋಣ ಎಂದು ಕಳಿಸಿದರೆ ಸಾಕಿತ್ತು. ಮರುಮೌಲ್ಯಮಾಪನದಲ್ಲಿ ಏನೂ ಬದಲಾಗುವುದಿಲ್ಲ, ಯಾರೋ ಗೊತ್ತಿಲ್ಲದ ಪರೀಕ್ಷಕರನ್ನು ಬೈದುಕೊಂಡು ಅವಳು ಸುಮ್ಮನಾಗುತ್ತಾಳೆ, ನನ್ನ ಮೇಲಿನ ಗೌರವ ಹಾಗೇ ಉಳಿಯುತ್ತದೆ. ಹುರಿದ ಶೇಂಗಾದ ಪೊಟ್ಟಣವನ್ನೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

"ಇರು, ಎಲ್ಲ ಪುಟ ನೋಡ್ತೀನಿ" ಎಂದು ಕನ್ನಡಕ ಹಾಕಿಕೊಂಡೆ. ಮೌಲ್ಯಮಾಪನ ನಾನೂ ಮಾಡಿದವಳೇ, ಎಲ್ಲಿ ಅರ್ಧ ಅಂಕ ಅಡಗಿರುತ್ತದೆ ಎಂದು ಬಲ್ಲೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ. ಅಂಕಗಳ ಕೂಡಿಕೆ ಸರಿಯಿತ್ತು. ಬಿಟ್ಟುಹೋದ ಪ್ರಶ್ನೆ ಇರಲಿಲ್ಲ. ಪತ್ರಿಕೆ ನೋಡಿದವರು ಕರುಣೆಯುಳ್ಳವರೇ, ಎರಡು ಕಡೆ ನಾನಾದರೆ ಕೊಡದಿದ್ದ ಅಂಕವನ್ನೂ ಕೊಟ್ಟಿದ್ದರು. ಬೇರೆ ಕಡೆಯೂ ಅವಳು ಅಂಕ ಕಳೆದುಕೊಂಡಿದ್ದಳು, ಆದರೆ ಅವು ಅವಳ ತಪ್ಪುಗಳು: ಒಂದು ಕೂಡುವ ತಪ್ಪು, ಒಂದು ಅರ್ಧಕ್ಕೇ ಬಿಟ್ಟದ್ದು. ಇಡೀ ಪತ್ರಿಕೆಯಲ್ಲಿ ನನ್ನ ತಪ್ಪು ಒಂದೇ, ಎರಡು ಅಂಕದ್ದು. ಅವಳಿಗೆ ಬೇಕಿದ್ದದ್ದೂ ಎರಡೇ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅವರು ನೋಡಿದ್ದು ಸರಿಯಾಗೇ ಇದೆ ಕಣಮ್ಮ" ಎಂದೆ. "ನೀನು ಬರೆದದ್ದು ತಪ್ಪು. ನಾನು ಸರಿ ಅಂದದ್ದೂ ತಪ್ಪು. ನಾನು ನಿನ್ನ ಫೋಟೊ ಪೂರ್ತಿ ತೆಗೆದು ನೋಡಿರಲಿಲ್ಲ. ಮೇಲಿನ ಲೆಕ್ಕ ಮಾತ್ರ ನೋಡಿ ಒತ್ತಿಬಿಟ್ಟೆ. ನೀನು ಡೌಟು ಅಂತ ಬರೆದದ್ದು ನನಗೆ ಈಗ ಕಾಣ್ತಾ ಇದೆ."

ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆ ಫೋಟೊವನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದಳು, ನಾನು ಹೇಳಿದ್ದು ಆಗುವ ಮಾತೇ ಎಂದು ಪರೀಕ್ಷಿಸುವಂತೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳ ಕಣ್ಣು ತುಂಬಿತು, ಸೆರಗಿನಿಂದ ಒಂದು ಸಲ ಒರೆಸಿಕೊಂಡಳು, ಅಷ್ಟೇ.

"ಹಂಗಾದ್ರೆ ಅರ್ಜಿ ಹಾಕಿ ಉಪಯೋಗ ಇಲ್ಲ."

"ಇಲ್ಲ."

"ಅಂಗನವಾಡೀದು ಹೋಯ್ತು ಅನ್ನಿ."

ಹೋಯಿತು. ಆ ಕೆಲಸಕ್ಕೆ ಸೇರಿದ್ದು ಆ ಹತ್ತೊಂಬತ್ತರ ಹುಡುಗಿಯೇ. ಇವಳು ಮುಂದಿನ ಪರೀಕ್ಷೆ ಕಟ್ಟಲಿಲ್ಲ. ನಾನೇ ಕಟ್ಟಿಸುತ್ತೇನೆ, ವಾರಕ್ಕೊಮ್ಮೆ ಹರಿಯಬ್ಬೆಗೇ ಬರುತ್ತೇನೆ ಎಂದು ಎರಡು ಸಲ ಹೇಳಿ ಕಳಿಸಿದೆ. ಇನ್ನು ಯಾತಕ್ಕೆ ಎಂದು ಉತ್ತರ ಬಂತು. ಹೊಸ ಸಹಾಯಕಿಗೆ ಯಾವ ಮಗು ಯಾವ ಮನೆಯದು ಎಂದು ಓಣಿಓಣಿ ತಿರುಗಿ ತೋರಿಸಿಕೊಟ್ಟದ್ದು ಇವಳೇ ಎಂದು ಆ ಊರಿನ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಈಗ ಗಂಡನ ಜೊತೆ ಇವಳೂ ಮಂದೆಯ ಹಿಂದೆ ಹೋಗುತ್ತಾಳಂತೆ. ನಾನು ನನ್ನ ಪ್ಯಾಕೇಜಿನ ಹಾಳೆಯಿಂದ ಆ ಸಾಲನ್ನು ತೆಗೆದಿದ್ದೇನೆ. ಆದರೆ ಅದು ಇಷ್ಟರಲ್ಲಿ ಎಷ್ಟು ಶಾಲೆಗಳ ಗೋಡೆಯ ಮೇಲಿದೆಯೋ, ಎಷ್ಟು ಮಕ್ಕಳ ಬಾಯಲ್ಲಿದೆಯೋ, ಅದನ್ನೆಲ್ಲ ಹೋಗಿ ಅಳಿಸಲಾರೆ.

ಆ ಮಧ್ಯಾಹ್ನ ಅವಳು ಎದ್ದು ಹೊರಡುತ್ತಾಳೆ ಅಂದುಕೊಂಡಿದ್ದೆ. ಹಾಳೆಗಳನ್ನು ಜೋಡಿಸಿಕೊಂಡಳು, ಕವರಿಗೆ ಹಾಕಲಿಲ್ಲ. ಆ ಪುಟವನ್ನೇ ಮತ್ತೆ ಮೇಲಿಟ್ಟುಕೊಂಡಳು.

"ಸರಿ ಹೆಂಗೆ ಮಿಸ್?"

"ಏನು?"

"ಇದು ತಪ್ಪು ಅಂದ್ರೆ ಸರಿ ಹೆಂಗೆ ಬರೀಬೇಕಿತ್ತು? ಹೇಳ್ರಿ. ಬಸ್ಸಿಗಿನ್ನಾ ಹೊತ್ತೈತೆ."

ನಾನು ಅವಳ ಪಕ್ಕ ಚಾಪೆಯ ಮೇಲೆ ಕೂತೆ. ನಕಲಿನಲ್ಲಿ ಅವಳೇ ಬರೆದಿದ್ದ ಸಾಲಿಗೆ ಬೆರಳಿಟ್ಟೆ. ತ್ರಿಭುಜ PST ಮತ್ತು ತ್ರಿಭುಜ PQR ಸಮರೂಪ. ಒಂದು ಅಂಕ ಸಿಕ್ಕಿದ್ದ ಸಾಲು.

"ಇದನ್ನ ಈ ಕ್ರಮದಲ್ಲೇ ಯಾಕೆ ಬರೆದೆ?"

"P ಎರಡಕ್ಕೂ ಒಂದೇ ಮೂಲೆ. ಗೆರೆ ಸಮಾಂತರ ಅಲ್ವಾ, ಅದಕ್ಕೆ S ಮೂಲೆ Q ಮೂಲೆಗೆ ಸಮ. T ಮೂಲೆ R ಮೂಲೆಗೆ ಸಮ."

"ಸರಿ. ಅಂದ್ರೆ ನೀನೇ ಜೋಡಿ ಹೇಳಿಬಿಟ್ಟಿದ್ದೀಯ. P ಜೊತೆ P, S ಜೊತೆ Q, T ಜೊತೆ R. ಈಗ ಮೇಲೆ ಕೆಳಗೆ ಅನ್ನೋದನ್ನ ಮರೆತುಬಿಡು. ಚಿತ್ರಾನೂ ನೋಡಬೇಡ. ಬರೆದ ಹೆಸರು ಮಾತ್ರ ಓದು. ಈ ಹೆಸರಲ್ಲಿ ಮೊದಲ ಎರಡು ಅಕ್ಷರ ಯಾವುದು?"

"PS."

"ಆ ಹೆಸರಲ್ಲಿ?"

"PQ." ಓದುತ್ತಿದ್ದವಳು ತಡೆದಳು. ಹುಬ್ಬು ಕೂಡಿತು. "SQ ಎಲ್ಲೈತೆ ಮಿಸ್?"

"ಎಲ್ಲಿದೆ, ನೀನೇ ಹುಡುಕು."

ಎರಡು ಹೆಸರುಗಳನ್ನೂ ಅಕ್ಷರ ಅಕ್ಷರವಾಗಿ ನೋಡಿದಳು. "ಇದರಾಗೂ ಇಲ್ಲ, ಅದರಾಗೂ ಇಲ್ಲ. S ಒಂದರಾಗೆ, Q ಒಂದರಾಗೆ. SQ ಯಾವ ತ್ರಿಭುಜದ್ದೂ ಬಾಹು ಅಲ್ಲ. ಬರೀ ತುಂಡು."

ನಾನು ಪೆನ್ನಿನ ಮುಚ್ಚಳ ತೆಗೆದೆ. ಹೇಳಿಕೊಡುವುದು ಏನೂ ಉಳಿದಿರಲಿಲ್ಲ. ಅವಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಹಾಳೆಯ ಹಿಂದೆ ಬರೆಯತೊಡಗಿದಳು. PSನ ಕೆಳಗೆ PQ. ಕೊನೆಯ ಎರಡು ಅಕ್ಷರ, STಯ ಕೆಳಗೆ QR.

"ಮೂರೂ ಆರೂ ಕೂಡ್ಸಿದ್ರೆ PQ ಒಂಬತ್ತು. ಒಂಬತ್ತರಾಗೆ ಮೂರು. ಹನ್ನೆರಡರಾಗೆ..." ಬಾಯಲ್ಲೇ ಲೆಕ್ಕ ಹಾಕಿದಳು. "ನಾಕು. ST ನಾಕು."

ನಾನು ಕೇಳದೆಯೇ ಫೋನಿನ ಫೋಟೊ ತೆಗೆದು ಆ ಹಳೆಯ ಲೆಕ್ಕವನ್ನೂ ಪಕ್ಕದಲ್ಲಿ ಮಾಡಿದಳು. ADಯ ಕೆಳಗೆ AB, DEಯ ಕೆಳಗೆ BC. ಎರಡರ ಕೆಳಗೆ ಆರು, DEಯ ಕೆಳಗೆ ಒಂಬತ್ತು. DE ಮೂರು. ಎಲ್ಲಿಯೂ ತಡವರಿಸಲಿಲ್ಲ. ಗಡಿಯಾರ ನೋಡಿದೆ, ಕೂತು ಐದು ನಿಮಿಷವೂ ಆಗಿರಲಿಲ್ಲ.

ಅವಳು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಇಷ್ಟೇನಾ ಮಿಸ್?"

"ಇಷ್ಟೇ" ಎಂದೆ.